ಪೌಚ್ ಮುಟ್ಟದೆ ಮಳೆ ತರಿಸುವುದು: ಒಪ್ಪಿಗೆಯಾದ ಒಂದು ಚಿತ್ರಕ್ಕೆ ಋತುಗಳನ್ನು ಕಟ್ಟುವ ಬಗೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತೆಲ್ಲ ಒಂದೇ ಒಂದು ಚಿತ್ರದ ಸುತ್ತ. ಅರ್ಧ ಕೆಜಿ ಫಿಲ್ಟರ್ ಕಾಫಿ ಪುಡಿಯ ಪೌಚ್ ಎಂದಿಟ್ಟುಕೊಳ್ಳಿ. 22 ಸೆಂ.ಮೀ. ಎತ್ತರ, ಹೊಳಪಿಲ್ಲದ ಕಂದು ಬಣ್ಣ, ನಡುವೆ ಚಿನ್ನದ ಬಣ್ಣದ ಪಟ್ಟಿ, ಮೇಲ್ತುದಿಯಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿದ ಸೀಲ್. ಸ್ಟುಡಿಯೋದಲ್ಲಿ ಬೂದು ಮೇಜಿನ ಮೇಲಿಟ್ಟು ತೆಗೆದ ಈ ಚಿತ್ರವನ್ನು ಕಂಪನಿ ನೋಡಿ ಒಪ್ಪಿಯಾಗಿದೆ. ಈಗ ಅದೇ ಚಿತ್ರ ಮಳೆಗಾಲಕ್ಕೊಂದು, ದೀಪಾವಳಿಗೊಂದು ಬೇಕು. ಮತ್ತೆ ಶೂಟಿಂಗ್ ಇಲ್ಲ. ಪೌಚ್ ಮಾತ್ರ ಒಂದಿಷ್ಟೂ ಬದಲಾಗಕೂಡದು.

ಯಾಕೆ ಬದಲಾಗಕೂಡದು ಎನ್ನುವುದಕ್ಕೆ ಆ ಪೌಚಿನ ಮುಖವನ್ನೇ ಓದಿ. ಹೆಸರು, ನಿವ್ವಳ ತೂಕ, ಹಸಿರು ಚೌಕದೊಳಗಿನ ಹಸಿರು ಚುಕ್ಕೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಕಾಫಿ ಎಷ್ಟು ಭಾಗ, ಚಿಕೋರಿ ಎಷ್ಟು ಭಾಗ ಎಂಬ ಸಾಲು. ನಮ್ಮ ಆಹಾರ ನಿಯಮದ ಪ್ರಕಾರ ಚಿಕೋರಿ ಬೆರೆಸಿದ ಕಾಫಿ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಹೇಳಲೇಬೇಕು. ನಮ್ಮ ಪೌಚಿನಲ್ಲಿ 70 ಮತ್ತು 30 ಎಂದಿದೆ. ಆ 70ರ ಏಳು ಚಿತ್ರದಲ್ಲಿ ಒಂದರ ಹಾಗೆ ಕಂಡರೆ ಅದನ್ನು ಚಿತ್ರದ ಸಣ್ಣ ದೋಷ ಎಂದು ಬಿಡುವ ಹಾಗಿಲ್ಲ. ಮಾರುವ ಸರಕಿನ ಬಗ್ಗೆ ತಪ್ಪು ಹೇಳಿದಂತಾಯಿತು.

ಈಗ ಈ ಕೆಲಸಕ್ಕೆ ಹೆಚ್ಚಿನವರು ಕೈ ಹಾಕುವುದು ಚಿತ್ರ ಸೃಷ್ಟಿಸುವ ಎಐ ಸಾಧನಗಳಿಗೆ. ಪೌಚಿನ ಮೇಲೆ ಮಾಸ್ಕ್ ಹಾಕಿ, ಉಳಿದ ಜಾಗದಲ್ಲಿ ಮಳೆ ಬರಲಿ ಎಂದು ಬರೆದರೆ ಆಯಿತು ಎಂಬ ನಂಬಿಕೆ. ಅದು ಎಲ್ಲಿ ಕೈಕೊಡುತ್ತದೆ ಎಂದು ಮೊದಲು ತಿಳಿದುಕೊಳ್ಳಬೇಕು. ಇಂಥ ಬಹುಪಾಲು ಸಾಧನಗಳು ನೇರವಾಗಿ ಪಿಕ್ಸೆಲ್‌ಗಳ ಮೇಲೆ ಕೆಲಸ ಮಾಡುವುದಿಲ್ಲ. ಇಡೀ ಚಿತ್ರವನ್ನು ಮೊದಲು ಕುಗ್ಗಿದ ಸಂಕೇತ ರೂಪಕ್ಕೆ ತಿರುಗಿಸುತ್ತವೆ, ಅಲ್ಲಿ ಕೆಲಸ ಮುಗಿಸಿ ಮತ್ತೆ ಚಿತ್ರವಾಗಿ ಹಿಗ್ಗಿಸುತ್ತವೆ. ಸ್ಟೇಬಲ್ ಡಿಫ್ಯೂಷನ್ ಮಾದರಿಗಳಲ್ಲಿ ಉದ್ದ, ಅಗಲ ಎರಡೂ ಎಂಟನೇ ಒಂದು ಪಾಲಿಗೆ ಇಳಿಯುತ್ತವೆ. ಮಾಸ್ಕ್ ಹಾಕಿ ಕಾಪಾಡಿದ ಪೌಚ್ ಕೂಡ ಈ ಕುಗ್ಗಿ ಹಿಗ್ಗುವ ದಾರಿಯಲ್ಲಿ ಹೋಗಿಯೇ ಬರುತ್ತದೆ. ಕೆಲವು ಸಾಧನಗಳು ಕೊನೆಯಲ್ಲಿ ಮೂಲ ಪಿಕ್ಸೆಲ್‌ಗಳನ್ನು ಮತ್ತೆ ಮೇಲೆ ಅಂಟಿಸುತ್ತವೆ, ಕೆಲವು ಅಂಟಿಸುವುದಿಲ್ಲ.

ಸಣ್ಣ ಅಕ್ಷರಕ್ಕೆ ಇದರಿಂದ ಏನಾಗುತ್ತದೆ ನೋಡಿ. ನಮ್ಮ ಮೂಲ ಚಿತ್ರ 4000 ಅಗಲ, 6000 ಎತ್ತರದ್ದು. ಅದರಲ್ಲಿ ಪೌಚ್ ಸುಮಾರು 2600 ಪಿಕ್ಸೆಲ್ ಎತ್ತರ. ಅಂದರೆ ಒಂದು ಸೆಂ.ಮೀ.ಗೆ 118ರಷ್ಟು ಪಿಕ್ಸೆಲ್. ಚಿಕೋರಿ ಸಾಲಿನ ಅಕ್ಷರ 2 ಮಿ.ಮೀ. ಎತ್ತರವಿದ್ದರೆ ಚಿತ್ರದಲ್ಲಿ ಅದು 24 ಪಿಕ್ಸೆಲ್. ಸಾಧನಕ್ಕೆ ಕೊಡಲು ಚಿತ್ರವನ್ನು ಸಾವಿರದ ಆಸುಪಾಸಿನ ಎತ್ತರಕ್ಕೆ ಇಳಿಸಿದರೆ ಅಕ್ಷರ 4 ಪಿಕ್ಸೆಲ್ ಆಗುತ್ತದೆ. ಎಂಟೆಂಟು ಪಿಕ್ಸೆಲ್‌ನ ಒಂದು ಮನೆಗಿಂತ ಅದು ಚಿಕ್ಕದು. ಅಲ್ಲಿ ಇದ್ದದ್ದು ಏನೆಂದು ಸಾಧನಕ್ಕೆ ತಿಳಿಯುವ ದಾರಿಯೇ ಉಳಿಯುವುದಿಲ್ಲ. ಅಕ್ಷರದಂತೆ ಕಾಣುವ ಏನನ್ನೋ ತುಂಬಿ ಕೊಡುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಬೀಳುವುದಿಲ್ಲ. ಮಾಸ್ಕಿನ ಅಂಚಿಗೆ ತಾಗಿ ಸಾಧನವು ಪೌಚನ್ನು ಬೆಳೆಸಿಬಿಡುತ್ತದೆ. ಸೀಲ್ ಅಂಚು ಅರ್ಧ ಸೆಂ.ಮೀ. ಮೇಲೆ ಹೋಗಿರುತ್ತದೆ, ಬುಡ ಅಗಲವಾಗಿರುತ್ತದೆ, ಕೆಲವು ಸಲ ಪಕ್ಕದಲ್ಲಿ ಒಂದು ಮಡಿಕೆ ಹೆಚ್ಚಾಗಿ ಬಂದಿರುತ್ತದೆ. ಒಳಗಿನ ಪಿಕ್ಸೆಲ್ ಎಲ್ಲ ಸರಿಯಾಗಿಯೇ ಇದ್ದರೂ ಹೊರಗೆ ಬೆಳೆದ ಭಾಗದಿಂದ ಪೌಚಿನ ಆಕಾರ ಬದಲಾಯಿತು. ಹಾಗಾಗಿ ನನ್ನ ಸಲಹೆ ಹೀಗೆ: ಪೌಚ್ ಇರುವ ಚಿತ್ರವನ್ನು ಸಾಧನಕ್ಕೆ ಕೊಡಲೇ ಬೇಡಿ. ಖಾಲಿ ಜಾಗದ ಹಿನ್ನೆಲೆಯನ್ನಷ್ಟೇ ಮಾಡಿಸಿ. ಅದು ಎಐ ಮಾಡಿದ್ದಾಗಲಿ, ನೀವೇ ಕಿಟಕಿಯ ಬಳಿ ತೆಗೆದ ಫೋಟೋ ಆಗಲಿ, ಪೌಚ್ ಮಾತ್ರ ಒಪ್ಪಿಗೆಯಾದ ಕಡತದಿಂದಲೇ ಬಂದು ಎಲ್ಲಕ್ಕಿಂತ ಮೇಲಿನ ಲೇಯರ್‌ನಲ್ಲಿ ಕೂರಬೇಕು.

ಹಾಗೆ ಮಾಡಿದ ಮೇಲೆ ಎದುರಾಗುವುದೇ ಈ ಕೆಲಸದ ನಿಜವಾದ ಕಷ್ಟ. ಪೌಚಿನ ಮೇಲೆ ಬಿದ್ದಿರುವ ಬೆಳಕು ಸ್ಟುಡಿಯೋದಲ್ಲೇ ನಿಗದಿಯಾಗಿದೆ. ಯಾವ ಕಡೆಯಿಂದ ಬಿತ್ತು, ಎಷ್ಟು ಮೆತ್ತಗೆ ಬಿತ್ತು, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಇವು ಯಾವುವನ್ನೂ ಈಗ ತಿದ್ದುವಂತಿಲ್ಲ. ಆದ್ದರಿಂದ ಋತುವೇ ಪೌಚಿಗೆ ಹೊಂದಿಕೊಳ್ಳಬೇಕು. ಮಳೆಯ ಚಿತ್ರ ಮೊದಲು ಮಾಡಿಟ್ಟು ಅದಕ್ಕೆ ಪೌಚನ್ನು ಹೊಂದಿಸಲು ಹೋದವರು ಕೊನೆಗೆ ಪೌಚಿನ ಬಣ್ಣಕ್ಕೋ ಹೊಳಪಿಗೋ ಕೈ ಹಾಕಿಯೇ ಹಾಕುತ್ತಾರೆ. ಬೇರೆ ದಾರಿ ಇರುವುದಿಲ್ಲ ಅವರಿಗೆ.

ನಮ್ಮ ಚಿತ್ರದ ಶೂಟಿಂಗ್ ಟಿಪ್ಪಣಿ ಹೀಗಿದೆ ಎನ್ನೋಣ. ಫುಲ್ ಫ್ರೇಮ್ ಕ್ಯಾಮೆರಾ, 100 ಮಿ.ಮೀ. ಲೆನ್ಸ್, ಎಫ್ 11. ಪೌಚಿಗೂ ಕ್ಯಾಮೆರಾಗೂ ಒಂದೂವರೆ ಮೀಟರ್ ದೂರ. ಕ್ಯಾಮೆರಾ ಮೇಜಿನಿಂದ 30 ಸೆಂ.ಮೀ. ಮೇಲೆ, ಪೌಚಿನ ನಡುವಿಗೆ ಗುರಿಯಿಟ್ಟು ಸ್ವಲ್ಪ ಕೆಳಗೆ ಬಾಗಿದೆ. ಬೆಳಕು ಎಡಗಡೆ ಮುಂದಿನಿಂದ, 45 ಡಿಗ್ರಿ ಎತ್ತರದಿಂದ, ಒಂದು ದೊಡ್ಡ ಸಾಫ್ಟ್‌ಬಾಕ್ಸ್. ಇಷ್ಟು ಬರೆದಿಟ್ಟಿದ್ದರೆ ಸಾಕು. ಇದರ ಜೊತೆಗೆ ಶೂಟಿಂಗ್ ದಿನವೇ ಇನ್ನೊಂದು ಚಿತ್ರ ಕೇಳಿ ತೆಗೆಸಿಕೊಳ್ಳಿ: ಕ್ಯಾಮೆರಾ, ಬೆಳಕು ಯಾವುದೂ ಕದಲದ ಹಾಗೆ ಪೌಚನ್ನು ಮಾತ್ರ ಎತ್ತಿಬಿಟ್ಟು ತೆಗೆದ ಖಾಲಿ ಮೇಜಿನ ಚಿತ್ರ. ಒಂದು ನಿಮಿಷದ ಕೆಲಸ. ಅದರ ಬೆಲೆ ಮುಂದೆ ನೆರಳಿನ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ.

ಈ ಟಿಪ್ಪಣಿಯಿಂದ ಹಿನ್ನೆಲೆಯ ಲೆಕ್ಕ ಹೊರಡುತ್ತದೆ. ಯಾವ ಫೋಟೋದಲ್ಲೂ ದಿಗಂತ ರೇಖೆ ಕ್ಯಾಮೆರಾದ ಎತ್ತರದಲ್ಲೇ ಇರುತ್ತದೆ. ನಮ್ಮ ಚಿತ್ರದಲ್ಲಿ ಲೆಕ್ಕ ಹಾಕಿದರೆ ಅದು ಮೇಲಂಚಿನಿಂದ ಸುಮಾರು 750 ಪಿಕ್ಸೆಲ್ ಕೆಳಗೆ ಬರುತ್ತದೆ. ಪೌಚಿನ ಬುಡ ಸುಮಾರು 4280ರಲ್ಲಿದೆ. 750ರಲ್ಲಿ ಒಂದು ಗೈಡ್ ಗೆರೆ ಎಳೆದಿಡಿ. ಕಿಟಕಿಯ ಕಟ್ಟೆಯ ಅಂಚು, ಹಲಗೆಯ ಸಾಲು, ಹೀಗೆ ನಮ್ಮಿಂದ ದೂರಕ್ಕೆ ಓಡುವ ಮಟ್ಟವಾದ ಗೆರೆಗಳೆಲ್ಲ ಆ ರೇಖೆಯ ಮೇಲೆಯೇ ಎಲ್ಲಾದರೂ ಕೂಡಬೇಕು. ಎಐ ಕೊಟ್ಟ ಹಿನ್ನೆಲೆಯಲ್ಲಿ ಮೇಜಿನ ಗೆರೆಗಳು ಚಿತ್ರದ ನಡುವಿನಲ್ಲೇ ಕೂಡುತ್ತಿದ್ದರೆ ಅದನ್ನು ಎಷ್ಟು ತಿದ್ದಿದರೂ ಪೌಚ್ ತೇಲಿದಂತೆ ಅಥವಾ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಆ ಹಿನ್ನೆಲೆಯನ್ನು ಅಲ್ಲೇ ಬಿಟ್ಟುಬಿಡುವುದು ಒಳ್ಳೆಯದು.

ಇದೇ ಗೆರೆಯಿಂದ ಇನ್ನೊಂದು ಉಪಯೋಗವಿದೆ, ನನಗಂತೂ ಇದು ಬಹಳ ಇಷ್ಟ. ಮೇಜಿನ ಮೇಲೆ ಎಲ್ಲಿ ಏನನ್ನಿಟ್ಟರೂ ಅದರ ಬುಡದಿಂದ ಆ ಗೆರೆಯವರೆಗಿನ ಎತ್ತರ ಅಲ್ಲಿನ ಅಳತೆಯಲ್ಲಿ 30 ಸೆಂ.ಮೀ. ಪೌಚಿನ ಬುಡದಿಂದ ಗೆರೆಗೆ 3530 ಪಿಕ್ಸೆಲ್. ಮೂವತ್ತರಿಂದ ಭಾಗಿಸಿದರೆ ಸೆಂ.ಮೀ.ಗೆ 118. ಪೌಚಿನ ಪಕ್ಕದಲ್ಲೇ ಎಂಟೂವರೆ ಸೆಂ.ಮೀ.ನ ಸ್ಟೀಲ್ ಲೋಟ ಇಡಬೇಕೆಂದರೆ ಅದು ಸಾವಿರ ಪಿಕ್ಸೆಲ್ ಎತ್ತರವಿರಬೇಕು. ಹಿಂದೆ ಸರಿಸಿದರೆ ಬುಡ ಮೇಲೇರುತ್ತದೆ, ಅಳತೆಯೂ ಅದಕ್ಕೆ ತಕ್ಕ ಹಾಗೆ ಚಿಕ್ಕದಾಗುತ್ತದೆ.

ಈ ಅಳತೆಯನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ಪಕ್ಕದ ವಸ್ತುವಿನ ಗಾತ್ರ ಪೌಚಿನ ಗಾತ್ರವನ್ನೇ ಬದಲಾಯಿಸುತ್ತದೆ. ಪೌಚಿನ ಮುಕ್ಕಾಲು ಎತ್ತರದ ಲೋಟವನ್ನು ಪಕ್ಕದಲ್ಲಿಟ್ಟು ನೋಡಿ, ಅರ್ಧ ಕೆಜಿ ಪೌಚ್ ನೂರು ಗ್ರಾಂನದ್ದಾಗಿ ಕಾಣುತ್ತದೆ. ಲೋಟವನ್ನು ಬಟ್ಟಲಷ್ಟು ಚಿಕ್ಕದು ಮಾಡಿ, ಅದೇ ಪೌಚ್ ಒಂದು ಕೆಜಿ ಆಗುತ್ತದೆ. ಪೌಚಿನ ಒಂದು ಪಿಕ್ಸೆಲ್ಲೂ ಬದಲಾಗಿರುವುದಿಲ್ಲ, ಆದರೂ ಕೊಳ್ಳುವವರಿಗೆ ತಪ್ಪು ಹೇಳಿದಂತಾಗಿರುತ್ತದೆ.

ಈಗ ಮಳೆ. ಬೆಂಗಳೂರಿನ ಮಳೆ ಎಂದರೆ ಮಲೆನಾಡಿನ ಹಾಗೆ ಹಗಲೆಲ್ಲ ಜಿಟಿಜಿಟಿ ಸುರಿಯುವುದಲ್ಲ. ಮೇ ತಿಂಗಳಲ್ಲೂ, ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಜೋರು ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನ ಕಳೆದ ಮೇಲೆ, ಸಂಜೆಗೆ. ಇದು ನಮಗೆ ಅನುಕೂಲವೇ. ಹಗಲಿನ ಮೋಡದ ಬೆಳಕು ಮೇಲಿನಿಂದ ಎಲ್ಲ ಕಡೆಯೂ ಒಂದೇ ಸಮನೆ ಬೀಳುವಂಥದ್ದು. ಅದರಲ್ಲಿ ಎಡಗಡೆ ಬೆಳಗಿ ಬಲಗಡೆ ನೆರಳಾದ ಪೌಚನ್ನು ಇಟ್ಟರೆ ಹೊಂದುವುದೇ ಇಲ್ಲ. ಸಂಜೆ ಆರೂವರೆಯ ಹೊತ್ತಿಗೆ ಹೊರಗೆ ಮಬ್ಬು, ಒಳಗೆ ದೀಪ ಹಾಕಿರುತ್ತಾರೆ. ಆ ಒಳಗಿನ ಬೆಳಕು ನಮ್ಮ ಸಾಫ್ಟ್‌ಬಾಕ್ಸ್. ಹಾಗಾಗಿ ಪೌಚ್ ಮಳೆಯಲ್ಲಿ ನಿಲ್ಲಬಾರದು. ಮನೆಯೊಳಗೆ, ಕಿಟಕಿಯ ಕಟ್ಟೆಯ ಮೇಲೆ, ಒಣಗಿ ನಿಂತಿರಬೇಕು. ಮಳೆ ಅದರ ಹಿಂದೆ ಬರಲಿ.

ಪೌಚಿನ ಮೇಲೆ ನಾಲ್ಕು ಹನಿ ಕೂರಿಸಿದರೆ ಚೆಂದ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಹನಿ ಕೂತಲ್ಲೆಲ್ಲ ಪಿಕ್ಸೆಲ್ ಬದಲಾಯಿತು ಎನ್ನುವುದು ಒಂದು. ಕಾಫಿ ಪುಡಿಗೆ ತೇವವೇ ಶತ್ರು. ಒದ್ದೆಯಾದ ಪುಡಿ ಪೌಚ್ ತೋರಿಸುವುದು ಸರಕಿನ ಗುಣಕ್ಕೇ ವಿರುದ್ಧ ಎನ್ನುವುದು ಇನ್ನೊಂದು. ಪೌಚಿನ ಮುಂದೆ ಮಳೆಯ ಗೆರೆ ಎಳೆಯುವುದೂ, ಮಂಜಿನ ಪದರ ಹಾಸುವುದೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಕಿಟಕಿ ಪೌಚಿನಿಂದ ಎಷ್ಟು ಹಿಂದಿರಬೇಕು? ಇದನ್ನು ಲೆನ್ಸೇ ಹೇಳುತ್ತದೆ. ನಮ್ಮ ಚಿತ್ರದಲ್ಲಿ ಪೌಚಿನ ಹಿಂದೆ ಮುಂದೆ ಎಲ್ಲ ಸೇರಿ 15 ಸೆಂ.ಮೀ.ನಷ್ಟು ಆಳ ಮಾತ್ರ ಸ್ಪಷ್ಟ. ಕಿಟಕಿ 80 ಸೆಂ.ಮೀ. ಹಿಂದಿದ್ದರೆ ಅಲ್ಲಿನ ಒಂದೊಂದು ಚುಕ್ಕೆಯೂ ಸುಮಾರು 38 ಪಿಕ್ಸೆಲ್ ಅಗಲಕ್ಕೆ ಹರಡುತ್ತದೆ. 4 ಮಿ.ಮೀ.ನ ಒಂದು ಹನಿ ಅಲ್ಲಿ ಬರೀ 31 ಪಿಕ್ಸೆಲ್. ಅಂದರೆ ಹನಿ ಹನಿಯಾಗಿ ಕಾಣದೆ ಮಸುಕಿನಲ್ಲಿ ಕರಗಿಹೋಗಬೇಕು. ಆದರೂ ಅಷ್ಟು ದೂರದ ಗಾಜಿನ ಮೇಲೆ ಮುತ್ತಿನಂಥ ಸ್ಪಷ್ಟ ಹನಿ ಇರುವ ಹಿನ್ನೆಲೆಗಳನ್ನು ನೀವು ಎಷ್ಟೋ ನೋಡಿರುತ್ತೀರಿ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಅಂಟಿಸಿದ್ದು ಎಂದು ಅನಿಸುವುದು ಇಂಥದ್ದರಿಂದಲೇ. ಕಿಟಕಿಯನ್ನು ಪೌಚಿನ ಹಿಂದೆ 25 ಸೆಂ.ಮೀ. ದೂರಕ್ಕೆ ತನ್ನಿ. ಅಲ್ಲಿ ಹನಿ 41 ಪಿಕ್ಸೆಲ್, ಮಸುಕು 15. ಮೆತ್ತಗಿದ್ದರೂ ಹನಿ ಎಂದು ಗುರುತು ಸಿಗುತ್ತದೆ. ಕಟ್ಟೆ ಕಿಟಕಿಯನ್ನು ಸೇರುವ ಗೆರೆ ಆಗ ಸುಮಾರು 3800ರಲ್ಲಿ ಬರುತ್ತದೆ.

ಹತ್ತಿರ ತಂದ ಮೇಲೆ ಒಂದು ಪರೀಕ್ಷೆ ಮಾಡಲೇಬೇಕು. ಬೆಳಕು 45 ಡಿಗ್ರಿಯಿಂದ ಬೀಳುವುದರಿಂದ 22 ಸೆಂ.ಮೀ. ಪೌಚಿನ ನೆರಳು 22 ಸೆಂ.ಮೀ. ಉದ್ದ. ಅದು ಬಲಕ್ಕೆ, ಹಿಂದಕ್ಕೆ ಓರೆಯಾಗಿ ಹೋಗುತ್ತದೆ. ನೇರ ಹಿಂದಕ್ಕೆ ಅಳೆದರೆ ಹದಿನೈದು ಹದಿನಾರು ಸೆಂ.ಮೀ. ಕಿಟಕಿ 25ರಲ್ಲಿದೆ, ನೆರಳು ಮುಟ್ಟುವುದಿಲ್ಲ. ಹತ್ತು ಸೆಂ.ಮೀ.ಗೆ ತಂದಿದ್ದರೆ ನೆರಳು ಚೌಕಟ್ಟಿನ ಮೇಲೆ ಮುರಿದು ಏರಬೇಕಿತ್ತು, ಮೂಲ ನೆರಳು ಕೆಲಸಕ್ಕೆ ಬರುತ್ತಿರಲಿಲ್ಲ.

ಗಾಜು ಮುಚ್ಚಿದ ಕಿಟಕಿಯಾದರೆ ಸಂಜೆಯ ಹೊತ್ತಿನಲ್ಲಿ ಒಳಗಿನದೆಲ್ಲ ಅದರಲ್ಲಿ ಪ್ರತಿಬಿಂಬಿಸುತ್ತದೆ, ಪೌಚಿನ ಬೆನ್ನು ಕೂಡ. ಆ ಬೆನ್ನಿನ ಚಿತ್ರ ನಮ್ಮ ಬಳಿ ಇಲ್ಲ. ಬಾಗಿಲು ತೆರೆದ, ಕಬ್ಬಿಣದ ಗ್ರಿಲ್ ಇರುವ ಕಿಟಕಿ ತೆಗೆದುಕೊಳ್ಳಿ, ಮೇಲೆ ಸಜ್ಜಾ ಇರಲಿ. ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಕಾಣುವುದೂ ಅದೇ. ಗ್ರಿಲ್ಲಿನ ಅಡ್ಡಸರಳಿನ ಕೆಳಗೆ ಸಾಲಾಗಿ ಜೋತ ಹನಿಗಳೇ ಮಳೆಯ ಗುರುತು. ಒಂದೊಂದು ಹನಿಯೂ ಪುಟ್ಟ ಲೆನ್ಸ್ ಆದ್ದರಿಂದ ಹೊರಗಿನ ದೃಶ್ಯ ಅದರೊಳಗೆ ತಲೆಕೆಳಗಾಗಿರುತ್ತದೆ: ಆಕಾಶದ ಬೆಳಕು ಹನಿಯ ಕೆಳಗೆ, ನೆಲದ ಕಪ್ಪು ಮೇಲೆ. ಎಐ ಹನಿಗಳಲ್ಲೂ ಬ್ರಷ್‌ನಿಂದ ಬಿಡಿಸಿದ ಹನಿಗಳಲ್ಲೂ ಇದು ಎಷ್ಟೋ ಸಲ ಉಲ್ಟಾ ಆಗಿರುತ್ತದೆ. ಹೊರಗೆ ಮಸುಕಾದ ಮರ, ಒದ್ದೆ ರಸ್ತೆಯಲ್ಲಿ ಬೀದಿದೀಪದ ಉದ್ದನೆಯ ಹೊಳಪು, ಅಷ್ಟಿದ್ದರೆ ಸಾಕು. ಹೊರಗಿನ ಬೆಳಕು ಪೌಚಿನ ಮುಖಕ್ಕಿಂತ ಒಂದೂವರೆ, ಎರಡು ಸ್ಟಾಪ್ ಕಡಿಮೆ ಇರಲಿ.

ಕಟ್ಟೆಯ ಕಲ್ಲು ಯಾವುದು ಎನ್ನುವುದೂ ಮುಖ್ಯ. ಮೂಲದಲ್ಲಿ ಪೌಚ್ ಬೂದು ಮೇಜಿನ ಮೇಲಿತ್ತು. ಅದರ ಬುಡದ ಎರಡು ಮೂರು ಸೆಂ.ಮೀ.ನಲ್ಲಿ ಆ ಮೇಜಿನಿಂದ ಪುಟಿದ ಬೂದು ಬೆಳಕಿದೆ. ಹೊಳೆಯುವ ಕಪ್ಪು ಕಡಪ ಕಲ್ಲಿನ ಮೇಲಿಟ್ಟರೆ ಬುಡ ಕಪ್ಪಾಗಬೇಕು, ಕಲ್ಲಿನಲ್ಲಿ ಪೌಚಿನ ಪ್ರತಿಬಿಂಬವೂ ಬೇಕು. ಎರಡನ್ನೂ ಕೊಡಲಾಗದು. ಪಾಲಿಶ್ ಮಾಡದ ಸಾದರಹಳ್ಳಿ ಕಲ್ಲು ಬೂದು, ಹೊಳಪಿಲ್ಲ, ಮೂಲ ಮೇಜಿನ ಬಣ್ಣಕ್ಕೆ ಹತ್ತಿರ. ಅದೇ ಸರಿ.

ನೆರಳಿಗೆ ಈಗ ಖಾಲಿ ಮೇಜಿನ ಚಿತ್ರ ತೆಗೆಯಿರಿ. ಪೌಚ್ ಇರುವ ಚಿತ್ರವನ್ನು ಖಾಲಿ ಚಿತ್ರದಿಂದ ಭಾಗಿಸಿ. ಫೋಟೋಶಾಪ್‌ನಲ್ಲಿ ಡಿವೈಡ್ ಎಂಬ ಬ್ಲೆಂಡ್ ಇದಕ್ಕೇ ಇದೆ. ನೆರಳಿಲ್ಲದ ಕಡೆ ಬಿಳಿ, ನೆರಳಿರುವ ಕಡೆ ಎಷ್ಟು ಬೆಳಕು ತಗ್ಗಿದೆಯೋ ಅಷ್ಟೇ ಬೂದು ಉಳಿಯುತ್ತದೆ. ಪೌಚಿನ ಬುಡಕ್ಕೆ ತಾಗಿದ ಸಪೂರ ಕಪ್ಪು ಗೆರೆಯೂ ಅದರಲ್ಲೇ ಬಂದಿರುತ್ತದೆ. ಬಣ್ಣ ತೆಗೆದು, ಕಲ್ಲಿನ ಮೇಲೆ ಮಲ್ಟಿಪ್ಲೈ ಆಗಿ ಹಾಕಿ. ಕೈಯಿಂದ ಬಿಡಿಸಿದ ನೆರಳು ತಪ್ಪುವುದು ಹೆಚ್ಚಾಗಿ ಬುಡದ ಆ ಗೆರೆಯಲ್ಲೇ: ಒಂದೋ ಇರುವುದಿಲ್ಲ, ಇಲ್ಲವೇ ಇಡೀ ಬುಡದುದ್ದಕ್ಕೂ ಒಂದೇ ದಪ್ಪ ಇರುತ್ತದೆ. ನಿಲ್ಲುವ ಪೌಚ್ ನೆಲವನ್ನು ಎಲ್ಲ ಕಡೆ ಒಂದೇ ರೀತಿ ಮುಟ್ಟುವುದಿಲ್ಲ. ಎರಡು ಮೂಲೆ ಕೂತಿರುತ್ತವೆ, ನಡುವೆ ಸ್ವಲ್ಪ ಎದ್ದಿರುತ್ತದೆ.

ಅಂಚಿನ ಮಾತು. ಪೌಚನ್ನು ಪೆನ್ ಟೂಲ್‌ನಿಂದಲೇ ಕತ್ತರಿಸಿ, ಹಲ್ಲುಹಲ್ಲಿನ ಸೀಲನ್ನೂ ಬಿಡದೆ. ಅಂಚಿನ ಒಂದೆರಡು ಪಿಕ್ಸೆಲ್‌ಗಳಲ್ಲಿ ಪೌಚಿನ ಬಣ್ಣ, ಹಳೆಯ ಹಿನ್ನೆಲೆಯ ಬಣ್ಣ ಎರಡೂ ಬೆರೆತಿರುತ್ತವೆ. ಕತ್ತಲ ಹಿನ್ನೆಲೆಗೆ ತಂದಾಗ ಅದು ತೆಳು ಬೂದು ದಾರದಂತೆ ಸುತ್ತ ಕಾಣುತ್ತದೆ. ಆ ಅಂಚನ್ನಷ್ಟೇ ಒಳಗಿನ ಪಕ್ಕದ ಬಣ್ಣದಿಂದ ತುಂಬಿ ತಿದ್ದಬೇಕಾಗುತ್ತದೆ. ಹಾಗಾದರೆ ಪೌಚ್ ಬದಲಾಗಬಾರದು ಎಂಬ ಮಾತೇನಾಯಿತು? ಇದಕ್ಕೆ ಎರಡು ಮಾಸ್ಕ್ ಇಟ್ಟುಕೊಳ್ಳಿ. ಒಂದು ಪೂರ್ತಿ ಆಕಾರದ್ದು. ಇನ್ನೊಂದು ಅದರಿಂದ ಮೂರು ಪಿಕ್ಸೆಲ್ ಒಳಗೆ ಸರಿದದ್ದು. ಒಳಗಿನದರಲ್ಲಿ ಒಂದು ಪಿಕ್ಸೆಲ್ ಕೂಡ ಬದಲಾಗುವಂತಿಲ್ಲ, ಅದನ್ನು ಯಂತ್ರ ಪರೀಕ್ಷಿಸಲಿ. ಮೂರು ಪಿಕ್ಸೆಲ್‌ನ ಪಟ್ಟಿಯನ್ನು ಮನುಷ್ಯರ ಕಣ್ಣು ದೊಡ್ಡದು ಮಾಡಿ ನೋಡಲಿ. ಈ ಎರಡನ್ನು ಮೊದಲೇ ಬೇರೆ ಮಾಡಿ ಕಂಪನಿಗೂ ಹೇಳಿಬಿಟ್ಟರೆ ಮುಂದೆ ವಾದವೇ ಇರುವುದಿಲ್ಲ.

ಯಂತ್ರದ ಪರೀಕ್ಷೆಗೆ ಟರ್ಮಿನಲ್‌ನಲ್ಲಿ ಆಜ್ಞೆ ಬರೆದು ನಡೆಸುವ ಇಮೇಜ್‌ಮ್ಯಾಜಿಕ್ ಎಂಬ ಸಾಧನ ಸಾಕು. ಮೂಲ, ಮಳೆಯ ಆವೃತ್ತಿ, ಮಾಸ್ಕ್ ಮೂರೂ ಒಂದೇ ಅಳತೆ, ಒಂದೇ ಬಣ್ಣದ ಪ್ರೊಫೈಲ್, ಒಂದೇ ಬಿಟ್ ಆಳದ ಪಿಎನ್‌ಜಿ ಆಗಿರಬೇಕು. ಪೌಚ್ ಎರಡರಲ್ಲೂ ಅದೇ ಜಾಗದಲ್ಲಿರಬೇಕು. ಮಾಸ್ಕಿನಲ್ಲಿ ಪೌಚ್ ಬಿಳಿ, ಉಳಿದದ್ದು ಕಪ್ಪು.

```
magick mask.png -threshold 99% -morphology Erode Disk:3 core.png
magick master.png core.png -compose Multiply -composite a.png
magick rain.png core.png -compose Multiply -composite b.png
magick compare -metric AE a.png b.png diff.png
```

ಮೊದಲ ಸಾಲು ಒಳಗಿನ ಮಾಸ್ಕ್ ಮಾಡುತ್ತದೆ. ನಡುವಿನ ಎರಡು ಸಾಲು ಪೌಚನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಪ್ಪಾಗಿಸುತ್ತವೆ. ಕೊನೆಯದು ಎಷ್ಟು ಪಿಕ್ಸೆಲ್ ಬೇರೆಯಾಗಿವೆ ಎಂದು ಎಣಿಸಿ ಹೇಳುತ್ತದೆ. ಉತ್ತರ ಸೊನ್ನೆ ಬರಬೇಕು. ಲಕ್ಷಗಟ್ಟಲೆ ಬಂದರೆ ಗಾಬರಿ ಬೇಡ, ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಪೌಚಿನ ಮೇಲೆ ಎಲ್ಲೋ ಇಡೀ ಚಿತ್ರಕ್ಕೆ ಅನ್ವಯಿಸುವ ಬಣ್ಣದ ಲೇಯರ್ ಕೂತಿದೆ. ಋತುವಿನ ಕಳೆ ಬರಲಿ ಎಂದು ತುದಿಗೆ ಹಾಕುವ ಕಲರ್ ಗ್ರೇಡ್ ಇದರಲ್ಲಿ ಮೊದಲ ಅಪರಾಧಿ. ಇಲ್ಲವೇ ಬಣ್ಣದ ಪ್ರೊಫೈಲ್ ಬದಲಾಗಿದೆ. ಇಲ್ಲವೇ ಪೌಚ್ ಒಂದು ಪಿಕ್ಸೆಲ್ ಅತ್ತಿತ್ತ ಸರಿದಿದೆ, ಹಾಗಾದಾಗ a.png, b.png ಎರಡನ್ನೂ ಫೋಟೋಶಾಪ್‌ನಲ್ಲಿ ಒಂದರ ಮೇಲೊಂದು ಡಿಫರೆನ್ಸ್ ಬ್ಲೆಂಡ್ ಆಗಿ ಇಟ್ಟರೆ ಅಕ್ಷರಗಳ ಅಂಚುಗಳು ಎದ್ದು ಕಾಣುತ್ತವೆ.

ಮಾಸ್ಕಿನ ಹೊರಗೆ ಪೌಚ್ ಬೆಳೆದಿದೆಯೇ ಎನ್ನುವುದನ್ನು ಈ ಸಂಖ್ಯೆ ಹೇಳುವುದಿಲ್ಲ. ಹಿನ್ನೆಲೆಯನ್ನು ಖಾಲಿಯಾಗಿಯೇ ಮಾಡಿಸಿದ್ದರೆ ಆ ಭಯವಿಲ್ಲ, ಆದರೂ ಸೀಲ್ ಅಂಚಿನ ಸುತ್ತ ಒಮ್ಮೆ ಕಣ್ಣಾಡಿಸಿ.

ಸೊನ್ನೆ ಬಂದ ಮೇಲೂ ಕಂಪನಿಯವರು ಬಣ್ಣ ಬದಲಾಗಿದೆ ಎನ್ನಬಹುದು. ಅವರ ಕಣ್ಣು ಸುಳ್ಳು ಹೇಳುತ್ತಿಲ್ಲ. ನೀಲಿ ಮಬ್ಬಿನ ಮುಂದೆ ಕಂದು ಪೌಚ್ ಕೆಂಪಗೆ ಕಾಣುತ್ತದೆ. ಕೇಸರಿ ಹೂವಿನ ಮುಂದೆ ಅದೇ ಕಂದು ಸಪ್ಪೆಯಾಗುತ್ತದೆ. ಸುತ್ತಲಿನ ಬಣ್ಣ ನಡುವಿನ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ. ಆಗ ಸಂಖ್ಯೆ ತೋರಿಸಿ ವಾದಿಸುವುದಲ್ಲ, ಹಿನ್ನೆಲೆಯ ಬಣ್ಣವನ್ನು ಇಳಿಸುವುದು. ಮಳೆಯ ನೀಲಿಯನ್ನು ಬೂದಿನ ಕಡೆಗೆ ಎಳೆಯಿರಿ, ಪೌಚ್ ಮತ್ತೆ ತನ್ನ ಕಂದಿಗೆ ಬರುತ್ತದೆ. ಪೌಚಿನ ಸುತ್ತ ಒಂದು ಅಂಗೈ ಅಗಲದಷ್ಟು ಜಾಗದಲ್ಲಿ ತೀರಾ ಗಾಢ ಬಣ್ಣ ಇಡದಿದ್ದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ.

ದೀಪಾವಳಿಗೆ ಇದೇ ಕಲ್ಲು, ಇದೇ ಗೈಡ್ ಗೆರೆ, ಇದೇ ನೆರಳು. ಹೊಸದಾಗಿ ಬರುವ ಪ್ರಶ್ನೆ ಹಣತೆಯದು, ಯಾಕೆಂದರೆ ಅದು ತಾನೇ ಬೆಳಕು ಕೊಡುತ್ತದೆ. ಒಂದು ಸಣ್ಣ ಜ್ವಾಲೆ ಹೆಚ್ಚುಕಡಿಮೆ ಒಂದು ಕ್ಯಾಂಡೆಲಾ. ಪೌಚಿನಿಂದ 10 ಸೆಂ.ಮೀ. ದೂರವಿಟ್ಟರೆ ಅದರ ಬೆಳಕು ನೂರು ಲಕ್ಸ್. ಮನೆಯ ಕೋಣೆಯಲ್ಲಿ ರಾತ್ರಿ ಇರುವ ಬೆಳಕಿನಷ್ಟೇ ಆಯಿತು. ಹಾಗೆ ಮುಂದೆ ಇಟ್ಟರೆ ಪೌಚಿನ ಮುಖ ಒಂದು ಕಡೆ ಕಿತ್ತಳೆಯಾಗಲೇಬೇಕು, ನಾವು ಮಾಡುವಂತಿಲ್ಲ. 60 ಸೆಂ.ಮೀ. ಹಿಂದೆ ಇಟ್ಟರೆ ಬೆಳಕು ಮೂರು ಲಕ್ಸ್‌ಗೆ ಇಳಿಯುತ್ತದೆ, ಅದೂ ಬೆನ್ನಿಗೆ ಬೀಳುತ್ತದೆ. ಮುಖದಲ್ಲಿ ಏನೂ ಕಾಣದಿರುವುದೇ ಆಗ ಸಹಜ. ಕಟ್ಟೆ ಅಷ್ಟು ಆಳವಿರುವುದಿಲ್ಲ, ಆದ್ದರಿಂದ ದೀಪಾವಳಿಗೆ ಕಿಟಕಿ ಬಿಟ್ಟು ಅದೇ ಕಲ್ಲಿನ ಜಗಲಿ ಮಾಡಿಕೊಳ್ಳಿ. ಹಣತೆಯ ಬುಡ ಸುಮಾರು 3290ರಲ್ಲಿ ಬರುತ್ತದೆ. ಅಲ್ಲಿಂದ ಗೆರೆಗೆ 2540, ಮೂವತ್ತರಿಂದ ಭಾಗಿಸಿದರೆ ಸೆಂ.ಮೀ.ಗೆ 85. ಆರೂವರೆ ಸೆಂ.ಮೀ. ಹಣತೆ 550 ಪಿಕ್ಸೆಲ್ ಅಗಲ. ಮಸುಕು 31 ಪಿಕ್ಸೆಲ್, ಅಂದರೆ ಹಣತೆ ಎಂದು ಚೆನ್ನಾಗಿಯೇ ತಿಳಿಯುತ್ತದೆ.

ಹಿಂದೆ ಬಣ್ಣಬಣ್ಣದ ದೊಡ್ಡ ಬೆಳಕಿನ ಬಿಲ್ಲೆಗಳನ್ನು ಹರಡುವುದು ಹಬ್ಬದ ಚಿತ್ರಗಳಲ್ಲಿ ರೂಢಿಯಾಗಿದೆ. ನಮ್ಮ ಲೆನ್ಸಿನ ಲೆಕ್ಕದಲ್ಲಿ ಒಂದು ದೀಪ ಎಷ್ಟೇ ದೂರವಿದ್ದರೂ ಅದರ ಬಿಲ್ಲೆ 108 ಪಿಕ್ಸೆಲ್ ದಾಟದು. 400 ಪಿಕ್ಸೆಲ್‌ನ ಬಿಲ್ಲೆ ಎಂದರೆ ಎಫ್ 2.8ರಲ್ಲಿ ತೆಗೆದ ಹಿನ್ನೆಲೆ, ಎಫ್ 11ರಲ್ಲಿ ತೆಗೆದ ಪೌಚ್. ಇದರಲ್ಲಿ ಕಣ್ಣು ಸ್ವಲ್ಪ ಉದಾರಿ, ನೂರೈವತ್ತಕ್ಕೂ ಒಪ್ಪುತ್ತದೆ. ಅದಕ್ಕಿಂತ ಮೇಲೆ ಹೋಗಬೇಡಿ.

ಹೂವು, ತೋರಣಗಳ ವಿಷಯದಲ್ಲಿ ಒಂದೇ ನಿಯಮ: ಬೆಳಕಿಗೂ ಪೌಚಿಗೂ ನಡುವೆ ಏನೂ ಬರಬಾರದು. ಎಡಗಡೆ ಮುಂದೆ ಬಾಳೆಕಂದು ನಿಲ್ಲಿಸಿದರೆ, ಮೇಲೆ ಮಾವಿನ ಎಲೆಯ ತೋರಣ ಕಟ್ಟಿದರೆ, ಅವುಗಳ ನೆರಳು ಪೌಚಿನ ಮೇಲೆ ಬೀಳಬೇಕಿತ್ತಲ್ಲ ಎಂದು ಕಣ್ಣು ಹುಡುಕುತ್ತದೆ. ಬಲಗಡೆ ಮುಂದೆ ನಾಲ್ಕು ಸೇವಂತಿಗೆ ಇಡಿ, ಅದರ ನೆರಳು ಪೌಚಿನಿಂದ ಆಚೆಗೇ ಹೋಗುತ್ತದೆ. ತೋರಣ ಹಿಂದಿನ ಬಾಗಿಲಿಗೆ ಹೋಗಲಿ. ರಂಗೋಲಿಯನ್ನು ಎಐ ಕೈಗೆ ಬಿಟ್ಟರೆ ಬಣ್ಣದ ಪುಡಿಯ ದೊಡ್ಡ ಹೂವು ಹಾಕಿ ಕೊಡುತ್ತದೆ. ಚುಕ್ಕಿ ಎಳೆಯ ಬಿಳಿ ರಂಗೋಲಿ ಬೇಕಾದರೆ ಮನೆಯಲ್ಲಿ ಹಾಕಿಸಿ, 30 ಸೆಂ.ಮೀ. ಎತ್ತರದಿಂದಲೇ ಫೋಟೋ ತೆಗೆಯಿರಿ. ಎಐ ಎಳೆದ ರಂಗೋಲಿಯಲ್ಲಿ ಎಳೆಗಳು ಚುಕ್ಕಿ ತಪ್ಪಿ ಹೋಗುವುದನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ಎಐ ಹಿನ್ನೆಲೆ ಸಾಮಾನ್ಯವಾಗಿ ಚಿಕ್ಕ ಅಳತೆಯಲ್ಲಿ ಬಂದು ಆಮೇಲೆ ದೊಡ್ಡದಾದದ್ದು, ಆದ್ದರಿಂದ ತೀರಾ ನುಣುಪಾಗಿರುತ್ತದೆ. ಪೌಚಿನಲ್ಲಿರುವಷ್ಟೇ ಸಣ್ಣ ಕಾಳುಕಾಳನ್ನು ಹಿನ್ನೆಲೆಗೂ ಸೇರಿಸಿ, 100 ಪ್ರತಿಶತಕ್ಕೆ ದೊಡ್ಡದು ಮಾಡಿ ಎರಡನ್ನೂ ಹೋಲಿಸಿ.

ಕಳುಹಿಸುವ ಹಂತದಲ್ಲಿ ಒಂದು ಎಚ್ಚರ. ಜೆಪೆಗ್ ಮಾಡಿದ ಕ್ಷಣವೇ ಸೊನ್ನೆಯ ಲೆಕ್ಕ ಮುಗಿಯಿತು, ಅದು ಪಿಕ್ಸೆಲ್‌ಗಳನ್ನು ಬದಲಾಯಿಸಿಯೇ ಚಿಕ್ಕದಾಗುವುದು. ಆದ್ದರಿಂದ ಪರೀಕ್ಷೆ ಪಿಎನ್‌ಜಿಯಲ್ಲಿ ಮುಗಿಸಿ, ಅಲ್ಲಿಂದ ಒಂದೇ ಸಲ ಜೆಪೆಗ್ ಮಾಡಿ. ಜೆಪೆಗ್‌ನಿಂದ ಮತ್ತೆ ಜೆಪೆಗ್ ಮಾಡಬೇಡಿ. ಬಣ್ಣದ ವಿವರವನ್ನು ಉದ್ದ, ಅಗಲ ಎರಡರಲ್ಲೂ ಅರ್ಧಕ್ಕೆ ಇಳಿಸುವ 4:2:0 ಬದಲು 4:4:4 ಆಯ್ದುಕೊಳ್ಳಿ. ಇಲ್ಲದಿದ್ದರೆ ಚಿನ್ನದ ಪಟ್ಟಿಯ ಮೇಲಿನ ಸಣ್ಣ ಕೆಂಪು ಅಕ್ಷರದ ಅಂಚು ಮೊದಲು ಕದಡುತ್ತದೆ. ಅಳತೆ ಇಳಿಸಿದ ಮೇಲೆ 70, 30 ಓದಲು ಬರುತ್ತದೆಯೇ ಎಂದು ಕಣ್ಣಿನಿಂದ ನೋಡಿ.

ಲೇಬಲ್ ಬದಲಾದರೆ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಪೌಚನ್ನು ಪ್ರತಿ ಆವೃತ್ತಿಯಲ್ಲೂ ಲಿಂಕ್ ಮಾಡಿದ ಸ್ಮಾರ್ಟ್ ಆಬ್ಜೆಕ್ಟ್ ಆಗಿ ಇಟ್ಟಿದ್ದರೆ, ಹೊಸ ಪೌಚನ್ನು ಅದೇ ಟಿಪ್ಪಣಿಯ ಪ್ರಕಾರ ಅದೇ ಜಾಗದಲ್ಲಿ ನಿಲ್ಲಿಸಿ ತೆಗೆದು, ಒಪ್ಪಿಸಿ, ಕಡತ ಬದಲಿಸಿದರೆ ಸಾಕು. ಮಾಸ್ಕ್, ನೆರಳು ಮಾತ್ರ ಹೊಸದಾಗಿ ಮಾಡಬೇಕು. ಎರಡು ಪೌಚ್ ಒಂದೇ ರೀತಿ ಉಬ್ಬುವುದಿಲ್ಲ.

ಇಷ್ಟೆಲ್ಲ ನಡೆಯುವುದು ನಮ್ಮ ಪೌಚಿನ ಮೈ ಹೊಳಪಿಲ್ಲದ್ದು ಎನ್ನುವ ಕಾರಣಕ್ಕೆ. ಚಿನ್ನದ ಪಟ್ಟಿಯಲ್ಲಿ ಕಾಣುವುದು ಸಾಫ್ಟ್‌ಬಾಕ್ಸಿನ ಬಿಳಿ ಗೆರೆ ಮಾತ್ರ, ಅದನ್ನು ಕೋಣೆಯ ದೀಪ ಎಂದು ಕಣ್ಣು ಒಪ್ಪುತ್ತದೆ. ಸರಕು ಸ್ಟೀಲ್ ಫಿಲ್ಟರ್ ಆಗಿದ್ದರೆ ಅದರ ಮೈತುಂಬ ಸ್ಟುಡಿಯೋವೇ ಕಾಣುತ್ತಿರುತ್ತದೆ. ಗಾಜಿನ ಜೇನಿನ ಬಾಟಲಿಯಾದರೆ ಹಳೆಯ ಹಿನ್ನೆಲೆ ಜೇನಿನ ಒಳಗಿನಿಂದಲೇ ಇಣುಕುತ್ತದೆ. ಅಲ್ಲಿ ಸರಕಿನ ಪಿಕ್ಸೆಲ್ ಮುಟ್ಟದೆ ಋತು ಬದಲಿಸಲು ಬರುವುದಿಲ್ಲ. ಅಂಥ ಸರಕಿಗೆ ಮೊದಲ ಶೂಟಿಂಗ್ ದಿನವೇ ಬೆಳಕು ಕದಲಿಸದೆ, ಹಿಂದಿನ ಪರದೆಯನ್ನಷ್ಟೇ ಮಳೆಗೊಂದು, ಹಬ್ಬಕ್ಕೊಂದು ಎಂದು ಬದಲಿಸಿ ಪ್ರತ್ಯೇಕ ಚಿತ್ರ ತೆಗೆದು, ಎಲ್ಲಕ್ಕೂ ಒಟ್ಟಿಗೇ ಒಪ್ಪಿಗೆ ಪಡೆದುಕೊಳ್ಳಿ.